ಮಂಚಕ್ಕೆ ಕೊಟ್ಟ ಮುಂಗಡ, ಮಂಟಪಕ್ಕೆ ಕೊಟ್ಟ ಮುಂಗಡ

ಮಾರ್ಚ್ ಕೊನೆಯ ವಾರ ಶಿವಮೊಗ್ಗದಲ್ಲಿ ಲೆಕ್ಕ ಬರೆಯುವವರ ಮೇಜಿಗೆ ಎರಡು ಬಗೆಯ ರಸೀದಿ ಪುಸ್ತಕ ಬಂದು ಬೀಳುತ್ತವೆ. ಒಂದು ಮರದ ಸಾಮಾನು ಮಾಡಿಕೊಡುವವರದು, ಇನ್ನೊಂದು ಕಲ್ಯಾಣ ಮಂಟಪದವರದು. ಅಡಿಕೆ ಕೊಯ್ಲು ಮುಗಿದು, ರಾಶಿ ಇಡಿ ಮಂಡಿಗೆ ಹೋಗಿ, ತೋಟದವರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು ಅದು. ಏಪ್ರಿಲ್, ಮೇ ತಿಂಗಳ ಮದುವೆಗಳಿಗೆ ಮುಂಗಡ ಕೊಡುವುದು ಆಗಲೇ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮದುವೆ ಮುಗಿಯುವುದು ಮೇ ತಿಂಗಳಲ್ಲಿ. ಈ ನಡುವಿನ ಒಂದೆರಡು ತಿಂಗಳಲ್ಲಿ ಆ ದುಡ್ಡು ಯಾರದು ಅನ್ನುವುದೇ ಈ ಲೇಖನದ ವಿಷಯ.

ಒಂದೇ ಮನೆಯ ಮದುವೆ ಹಿಡಿದುಕೊಂಡು ನೋಡೋಣ. ಲೆಕ್ಕ ಕಣ್ಣಿಗೆ ಕಟ್ಟಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ. ತೀರ್ಥಹಳ್ಳಿ ಕಡೆಯ ತೋಟದವರೊಬ್ಬರು 2025ರ ಫೆಬ್ರವರಿ 20ರಂದು ಶಿವಮೊಗ್ಗಕ್ಕೆ ಬಂದು ಮಗಳ ಮದುವೆಗೆ ಎರಡು ಕಡೆ ಮುಂಗಡ ಕೊಟ್ಟರು. ಮರದ ಸಾಮಾನಿನ ಅಂಗಡಿಯಲ್ಲಿ ಒಂದು ಸಾಗುವಾನಿ ಮಂಚ, ಒಂದು ಬೀರು, ಒಂದು ಕನ್ನಡಿ ಮೇಜು ಮಾಡಲು ಹೇಳಿದರು. ಬೆಲೆ 1,20,000, ಅದರ ಮೇಲೆ ಶೇ 18 ಜಿಎಸ್‌ಟಿ 21,600, ಒಟ್ಟು 1,41,600 ರೂಪಾಯಿ. ಆ ದಿನ 40,000 ಕೊಟ್ಟರು, ಮಾರ್ಚ್ 25ಕ್ಕೆ ಇನ್ನೊಂದು 30,000 ಖಾತೆಗೆ ಹಾಕಿದರು. ಫೆಬ್ರವರಿ 20ರ ಮಧ್ಯಾಹ್ನವೇ ಮಂಟಪಕ್ಕೂ ಹೋಗಿದ್ದರು. ಎರಡು ದಿನದ ಬಾಡಿಗೆ 2,00,000, ಜಿಎಸ್‌ಟಿ 36,000, ಒಟ್ಟು 2,36,000. ಅಲ್ಲಿ 59,000 ಮುಂಗಡ ಕೊಟ್ಟು ದಿನ ಕಾದಿರಿಸಿಕೊಂಡರು.

ಎರಡೂ ಮುಂಗಡವೇ. ಕೊಟ್ಟವರು ಒಬ್ಬರೇ, ಕೊಟ್ಟ ದಿನವೂ ಒಂದೇ. ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಜಾಗ. ಆದರೆ ಜಿಎಸ್‌ಟಿ ವಿಷಯಕ್ಕೆ ಬಂದರೆ ಒಂದಕ್ಕೆ ಫೆಬ್ರವರಿಯಲ್ಲೇ ತೆರಿಗೆ, ಇನ್ನೊಂದಕ್ಕೆ ಮೇವರೆಗೂ ಇಲ್ಲ. ಈ ವ್ಯತ್ಯಾಸ ಹಿಡಿಯದೆ ಎಡವಿದವರನ್ನು ಪ್ರತಿ ವರ್ಷ ನೋಡುತ್ತೇನೆ.

ಮೊದಲು ಪುಸ್ತಕದ ಮಾತು

ಅಂಗಡಿಯ ಯಜಮಾನರು ಆ 70,000 ರೂಪಾಯಿಯನ್ನು ಮಾರಾಟಕ್ಕೆ ಸೇರಿಸಿಕೊಂಡು ಬಂದಿದ್ದರು. ಯಾಕೆ ಎಂದು ಕೇಳಿದೆ.

"ಅಲ್ಲ ಮಾರಾಯ್ರೆ, ದುಡ್ಡು ಖಾತೆಗೆ ಬಂದಾಗಿದೆ, ಅದರಲ್ಲಿ ಮರ ತಂದೂ ಆಗಿದೆ. ಇದು ವ್ಯಾಪಾರ ಅಲ್ದೆ ಮತ್ತೆಂತ?"

"ಮಂಚ ಎಲ್ಲಿದೆ?"

"ಒಳಗೆ, ಕಾಲು ಕಡೆಯೋದು ನಡೀತಾ ಇದೆ."

"ನಾಳೆ ಮದುವೆ ಮುರಿದು ಬಿದ್ದು, ಅವರು ದುಡ್ಡು ವಾಪಸ್ ಕೇಳಿದ್ರೆ?"

"ಕೊಡಬೇಕಾಗುತ್ತೆ, ಇಲ್ಲ ಅಂದ್ರೆ ಹೆಸರು ಕೆಡುತ್ತೆ."

ಅವರ ಉತ್ತರದಲ್ಲೇ ವಿಷಯ ಇತ್ತು. ಕೊಡಬೇಕಾದದ್ದು ಯಾವುದೋ ಅದು ಹೊಣೆ. ವಸ್ತು ಕೊಡಬೇಕು, ಇಲ್ಲವೇ ದುಡ್ಡು ಕೊಡಬೇಕು. ಎರಡರಲ್ಲಿ ಒಂದಾಗುವವರೆಗೆ ಆ 70,000 ಗಿರಾಕಿಯದೇ, ಅಂಗಡಿಯಲ್ಲಿ ಇಟ್ಟಂತೆ. ಫಸಲನ್ನು ಮುಂಚೆಯೇ ಮಾತಾಡಿಕೊಂಡು ಚೇಣಿಗೆ ತೋಟ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೇಣಿದಾರರಿಂದ ಮಳೆಗಾಲದಲ್ಲಿ ಮುಂಗಡ ತಂದು ಮನೆಗೆ ಹೆಂಚು ಹೊದೆಸಿದವರು ಅದನ್ನು ಆ ವರ್ಷದ ಫಸಲಿನ ಆದಾಯ ಎಂದು ಯಾವತ್ತೂ ಹೇಳಿಕೊಳ್ಳುವುದಿಲ್ಲ. ಕೊನೆ ಇಳಿದು ಹಸಿ ಅಡಿಕೆ ತೂಕ ಆಗುವವರೆಗೆ ಅದು ತಲೆಯ ಮೇಲಿನ ಸಾಲ. ಹಳೆಯ ಕನ್ನಡದಲ್ಲಿ ಇಂಥ ಮುಂಗಡಕ್ಕೆ ಸಂಚಕಾರ ಅನ್ನುತ್ತಿದ್ದರು. ಅದೇ ಪದ ಈಗ ಕುತ್ತು, ಕೇಡು ಎಂಬ ಅರ್ಥದಲ್ಲೂ ಓಡಾಡುತ್ತದೆ. ಲೆಕ್ಕ ಬರೆಯುವವನಾಗಿ ನನಗೆ ಆ ಎರಡು ಅರ್ಥಗಳ ನೆಂಟಸ್ತಿಕೆ ಚೆನ್ನಾಗಿಯೇ ಗೊತ್ತು.

ಹಾಗಾಗಿ ಫೆಬ್ರವರಿ 20ರ ನಮೂದು ಹೀಗೆ: ಬ್ಯಾಂಕ್ ಖಾತೆಗೆ 40,000 ಡೆಬಿಟ್, 'ಗಿರಾಕಿಗಳ ಮುಂಗಡ' ಎಂಬ ಖಾತೆಗೆ 40,000 ಕ್ರೆಡಿಟ್. ಮಾರ್ಚ್ 25ಕ್ಕೆ ಇನ್ನೊಂದು 30,000 ಹಾಗೆಯೇ. ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಗಳ ಬದಿಯಲ್ಲಿ 70,000 ಕೂರುತ್ತದೆ. ಆ ಹೊತ್ತಿಗೆ ಮರಕ್ಕೂ ಆಚಾರಿಗಳ ಮಜೂರಿಗೂ 48,000 ಖರ್ಚಾಗಿದೆ ಎಂದುಕೊಳ್ಳಿ. ಅದು ಖರ್ಚೂ ಅಲ್ಲ, ಅರ್ಧ ಆದ ಸರಕು. ಆಸ್ತಿಯ ಬದಿಯಲ್ಲಿ ದಾಸ್ತಾನಾಗಿ ಕೂರಬೇಕು. ಮೇ 5ರಂದು ಸಾಮಾನು ತೀರ್ಥಹಳ್ಳಿಗೆ ಹೊರಟಾಗ ಬಿಲ್: ಗಿರಾಕಿಯ ಖಾತೆಗೆ 1,41,600 ಡೆಬಿಟ್, ಮಾರಾಟಕ್ಕೆ 1,20,000, ಕೇಂದ್ರದ ಪಾಲಾದ ಸಿಜಿಎಸ್‌ಟಿಗೆ 10,800, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿಗೆ 10,800 ಕ್ರೆಡಿಟ್. ಆಮೇಲೆ ಮುಂಗಡದ 70,000ವನ್ನು ಗಿರಾಕಿಯ ಖಾತೆಗೆ ವಜಾ ಹಾಕಿದರೆ ಬರಬೇಕಾದ್ದು 71,600.

ಇಲ್ಲಿ ಒಂದು ಸೂಕ್ಷ್ಮವಿದೆ. ಬಂದ 70,000ದೊಳಗೆ ಮುಂದೆ ಕಟ್ಟಬೇಕಾದ ಜಿಎಸ್‌ಟಿಯ ಪಾಲೂ ಇದೆ. ಅದನ್ನು ಇಡಿಯಾಗಿ ಮಾರಾಟ ಎಂದು ಬರೆದವರು ಸರ್ಕಾರದ ದುಡ್ಡನ್ನೂ ತಮ್ಮ ಆದಾಯಕ್ಕೆ ಸೇರಿಸಿಕೊಂಡಂತೆ.

ಯಜಮಾನರ ಲೆಕ್ಕ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು? ಈ ಸಾಮಾನು ಮಾಡಲು ಒಟ್ಟು ತಗಲುವ ಖರ್ಚು 90,000, ನಿಜವಾದ ಲಾಭ 30,000. ಮಾರ್ಚ್ 31ಕ್ಕೆ ಅವರು ದಾಸ್ತಾನು ಎಣಿಸುವಾಗ ಅರ್ಧ ಆದ ಮಂಚವನ್ನೂ ಎಣಿಸಿದ್ದರು, ಅದು ಸರಿ. ಅಂದರೆ 48,000 ಖರ್ಚು ಮುಂದಿನ ವರ್ಷಕ್ಕೆ ಹೋಯಿತು, 70,000 ಮಾರಾಟ ಮಾತ್ರ ಈ ವರ್ಷ ನಿಂತಿತು. ಖರ್ಚಿಲ್ಲದ ಮಾರಾಟ! ಪುಸ್ತಕ 2024-25ರಲ್ಲಿ 70,000 ಲಾಭ ತೋರಿಸುತ್ತದೆ. ಮುಂದಿನ ವರ್ಷ ಉಳಿದ ಮಾರಾಟ 50,000, ಖರ್ಚು 90,000, ಅಂದರೆ 40,000 ನಷ್ಟ. ಎರಡು ವರ್ಷ ಕೂಡಿಸಿದರೆ ಅದೇ 30,000 ಬರುತ್ತದೆ, ನಿಜ. ಆದರೆ ಒಂದು ಮಂಚದ ಮೇಲೆ ಒಂದು ವರ್ಷ ಸುಳ್ಳು ಲಾಭಕ್ಕೆ ತೆರಿಗೆ ಕಟ್ಟಿ, ಮುಂದಿನ ವರ್ಷ ಸುಳ್ಳು ನಷ್ಟ ತೋರಿಸಿ ಬ್ಯಾಂಕಿನವರ ಎದುರು ಮುಖ ಸಣ್ಣ ಮಾಡಿಕೊಳ್ಳುವುದು ಯಾವ ಜಾಣತನ? ಇಂಥ ಮುಂಗಡ ನಲವತ್ತು ಐವತ್ತು ಇದ್ದರೆ ಆ ವರ್ಷ ವ್ಯಾಪಾರ ನಡೆದದ್ದು ಹೇಗೆ ಎಂಬುದೇ ತಿಳಿಯುವುದಿಲ್ಲ.

ಈ ತಪ್ಪನ್ನು ಹೊರಗಿನವರು ಪತ್ತೆ ಹಚ್ಚುವುದೂ ಸುಲಭ. ಲಾಭ-ನಷ್ಟದ ಪಟ್ಟಿಯ ಮಾರಾಟ ಒಂದು ಅಂಕಿ ಹೇಳುತ್ತದೆ, ಹನ್ನೆರಡು ತಿಂಗಳ ಜಿಎಸ್‌ಟಿ ರಿಟರ್ನ್ ಕೂಡಿಸಿದರೆ ಇನ್ನೊಂದು ಅಂಕಿ ಬರುತ್ತದೆ. ನಡುವಿನ ವ್ಯತ್ಯಾಸಕ್ಕೆ ತೆರಿಗೆ ಕಟ್ಟಿಲ್ಲ ಯಾಕೆ ಎಂದು ನೋಟಿಸ್ ಬಂದಾಗ ಯಜಮಾನರು ಹಳೆಯ ರಸೀದಿ ಪುಸ್ತಕ ಹುಡುಕಿಕೊಂಡು ಅಟ್ಟ ಹತ್ತುತ್ತಾರೆ.

ಕೊಟ್ಟದ್ದು ಅಂದರೆ ಯಾವಾಗ ಕೊಟ್ಟದ್ದು

ಮಾರಾಟದ ಆದಾಯವನ್ನು ಯಾವಾಗ ಗುರುತಿಸಬೇಕು ಎಂಬುದಕ್ಕೆ ನಮ್ಮ ಸಣ್ಣ ವ್ಯಾಪಾರಗಳಿಗೆ ಲೆಕ್ಕಮಾನಕ 9 ಇದೆ. ಅದು ಕೇಳುವ ಪ್ರಶ್ನೆ ದುಡ್ಡಿನದಲ್ಲ. ವಸ್ತುವಿನ ಒಡೆತನ, ಅದಕ್ಕೆ ಅಂಟಿದ ಲಾಭ-ಅಪಾಯ ಎಲ್ಲ ಕೊಂಡವರಿಗೆ ದಾಟಿತೇ, ಮತ್ತು ದುಡ್ಡು ಬರುವುದರ ಬಗ್ಗೆ ದೊಡ್ಡ ಅನುಮಾನ ಏನಾದರೂ ಉಳಿದಿದೆಯೇ ಎಂದು ಕೇಳುತ್ತದೆ. 2018ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಿಗೆ ಬಂದ 115ನೇ ಮಾನಕ ಮಾತನ್ನು ಬೇರೆ ರೀತಿ ಆಡುತ್ತದೆ, ವಸ್ತುವಿನ ಹಿಡಿತ ಯಾವಾಗ ಗಿರಾಕಿಯ ಕೈಗೆ ಹೋಯಿತು ಅನ್ನುತ್ತದೆ. ನಮ್ಮ ಮಂಚಕ್ಕೆ ಎರಡರ ಉತ್ತರವೂ ಒಂದೇ.

ಅಪಾಯ ದಾಟುವುದು ಅಂದರೇನು ಎಂದು ಯಜಮಾನರಿಗೆ ನಾನು ಹೀಗೆ ಹೇಳಿದೆ: ಇವತ್ತು ರಾತ್ರಿ ನಿಮ್ಮ ಕೊಟ್ಟಿಗೆಗೆ ಬೆಂಕಿ ಬಿದ್ದು ಮಂಚ ಸುಟ್ಟರೆ ನಷ್ಟ ಯಾರದು? "ನಂದೇ" ಅಂದರು. ಹಾಗಾದರೆ ಮಾರಾಟ ಇನ್ನೂ ಆಗಿಲ್ಲ. ತೀರ್ಥಹಳ್ಳಿಯಲ್ಲಿ ಅವರ ಮನೆ ಜಗುಲಿಗೆ ಇಳಿಸಿ, ಅವರು ನೋಡಿ ಒಪ್ಪಿ ರುಜು ಹಾಕಿದ ಮೇಲೆ ಗೆದ್ದಲು ಹತ್ತಿದರೂ ಅದು ಅವರ ಪಾಡು.

ಕಷ್ಟದ ಪ್ರಕರಣ ಬೇರೆ ಇದೆ. ಮಂಚ ಮಾರ್ಚ್ 20ಕ್ಕೇ ಸಿದ್ಧವಾಗಿದೆ, ಗಿರಾಕಿ ಬಂದು ನೋಡಿ, ಚೆನ್ನಾಗಿದೆ, ಬಿಲ್ ಮಾಡಿ, ಆದರೆ ನಮ್ಮ ಮನೆಗೆ ಸುಣ್ಣ ಬಣ್ಣ ಆಗುತ್ತಿದೆ, ಮೇ ತಿಂಗಳಲ್ಲಿ ಒಯ್ಯುತ್ತೇವೆ ಅಂದರು. ಆಗ? ಮಾನಕ 9ರಲ್ಲೇ ಇದಕ್ಕೆ ಉತ್ತರ ಉಂಟು. ತಡ ಮಾಡಲು ಕೇಳಿದವರು ಕೊಂಡವರೇ ಆಗಿರಬೇಕು, ಒಡೆತನವನ್ನೂ ಬಿಲ್ಲನ್ನೂ ಅವರು ಒಪ್ಪಿರಬೇಕು, ವಸ್ತು ಕೈಯಲ್ಲಿದ್ದು, ಇದು ಇವರದೇ ಎಂದು ಗುರುತಿಟ್ಟು ಸಿದ್ಧವಾಗಿರಬೇಕು. ಹಾಗಿದ್ದರೆ ಸಾಮಾನು ಅಂಗಡಿಯಲ್ಲಿದ್ದರೂ ಮಾರಾಟ ಆದಂತೆಯೇ. ಆದರೆ ಇದನ್ನು ಮಾರ್ಚ್ 31ರ ಗುರಿ ಮುಟ್ಟಲು ಬಳಸುವವರನ್ನು ಕಂಡಿದ್ದೇನೆ. ಕಾಲು ಕಡೆಯದ ಮಂಚಕ್ಕೆ ಬಿಲ್ ಹರಿದಿಟ್ಟು, ಗಿರಾಕಿಯೇ ಇರಲಿ ಅಂದರು ಎನ್ನುತ್ತಾರೆ. ಹಾಗೆ ಅಂದದ್ದಕ್ಕೆ ಒಂದು ಸಾಲು ಬರಹವೂ ಇರುವುದಿಲ್ಲ, ದಾಸ್ತಾನಿನ ಪಟ್ಟಿಯಲ್ಲಿ ಅದೇ ಮಂಚ ಮತ್ತೆ ಕಾಣುತ್ತದೆ. ಮಾರಿದ ಮಂಚ ದಾಸ್ತಾನಿನಲ್ಲೂ ಇದ್ದರೆ ಎರಡರಲ್ಲಿ ಒಂದು ಸುಳ್ಳು.

ಜಿಎಸ್‌ಟಿಯಲ್ಲಿ ಹಾದಿ ಕವಲೊಡೆಯುವುದು

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಸರಕಿಗೂ ಸೇವೆಗೂ ಮುಂಗಡದ ಮೇಲೆ ತೆರಿಗೆ ಇತ್ತು. ಬಿಲ್ ದಿನ, ದುಡ್ಡು ಬಂದ ದಿನ, ಯಾವುದು ಮೊದಲೋ ಅದೇ ತೆರಿಗೆ ಹುಟ್ಟುವ ದಿನ. ಮೂರು ತಿಂಗಳಲ್ಲೇ ವ್ಯಾಪಾರಿಗಳು ಸುಸ್ತಾದರು. ಅಕ್ಟೋಬರ್ 13ರಂದು ಒಂದೂವರೆ ಕೋಟಿವರೆಗಿನ ವಹಿವಾಟಿನವರಿಗೆ ಸರಕಿನ ಮುಂಗಡದ ಮೇಲೆ ವಿನಾಯಿತಿ ಸಿಕ್ಕಿತು. ನವೆಂಬರ್ 15ರ 66/2017ನೇ ಅಧಿಸೂಚನೆ ಅದನ್ನು ಸರಕು ಮಾರುವ ಉಳಿದವರಿಗೂ ಹಿಗ್ಗಿಸಿತು. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯಲ್ಲಿ ಇರುವವರನ್ನು ಮಾತ್ರ ಅದರಿಂದ ಹೊರಗಿಟ್ಟಿದ್ದಾರೆ.

ಹಾಗಾಗಿ ನಮ್ಮ ಮಂಚದ 70,000ಕ್ಕೆ ಫೆಬ್ರವರಿಯಲ್ಲೂ ತೆರಿಗೆ ಇಲ್ಲ, ಮಾರ್ಚ್‌ನಲ್ಲೂ ಇಲ್ಲ. ಮೇ 5ಕ್ಕೆ ಸಾಮಾನು ಅಂಗಡಿ ಬಿಡುವ ಹೊತ್ತಿಗೆ ಬಿಲ್ ಮಾಡಬೇಕು, ಆ ಬಿಲ್ಲಿನ 21,600 ರೂಪಾಯಿ ಮೇ ತಿಂಗಳ ರಿಟರ್ನಿಗೆ ಸೇರುತ್ತದೆ, ಜೂನ್ 20ರೊಳಗೆ ಕಟ್ಟಬೇಕು. ಪುಸ್ತಕ, ಬಿಲ್, ಜಿಎಸ್‌ಟಿ ಮೂರೂ ಒಂದೇ ದಿನಕ್ಕೆ ಕೂಡಿಕೊಳ್ಳುತ್ತವೆ. ಸರಕು ಮಾರುವವರ ಪುಣ್ಯ ಅದು.

ಮಂಟಪದವರಿಗೆ ಆ ಪುಣ್ಯ ಇಲ್ಲ. ಮಂಟಪ ಬಾಡಿಗೆಗೆ ಕೊಡುವುದು ಸೇವೆ. ಸೇವೆಗೆ ಹಳೆಯ ನಿಯಮವೇ ಉಳಿದಿದೆ: ದುಡ್ಡು ಮೊದಲು ಬಂದರೆ ಬಂದ ಮಟ್ಟಿಗೆ ತೆರಿಗೆಯೂ ಆಗಲೇ. ದುಡ್ಡು ಬಂದ ದಿನ ಅಂದರೆ ಪುಸ್ತಕದಲ್ಲಿ ಬರೆದ ದಿನ, ಬ್ಯಾಂಕಿಗೆ ಜಮಾ ಆದ ದಿನ, ಇವೆರಡರಲ್ಲಿ ಮೊದಲಿನದು. ಮಾರ್ಚ್‌ನಲ್ಲಿ ಬರೆದರಾಯಿತು ಎಂದು ಫೆಬ್ರವರಿಯ ಜಮೆಯನ್ನು ಮುಂದೂಡಲು ಬರುವುದಿಲ್ಲ.

ಕೊಟ್ಟ 59,000ದೊಳಗೇ ತೆರಿಗೆ ಅಡಗಿದೆ ಎಂದು ಲೆಕ್ಕ ಹಾಕಬೇಕು:

```
59000 × 18 ÷ 118 = 9000
59000 − 9000 = 50000
```

59,000ದ ಶೇ 18 ಎಂದು 10,620 ಕಟ್ಟುವವರಿದ್ದಾರೆ. ಅದು ತೆರಿಗೆಯ ಮೇಲೆ ತೆರಿಗೆ, ಕಟ್ಟಬೇಕಾಗಿಲ್ಲ. ಹಾಗೆಯೇ ಮುಂಗಡಕ್ಕೆ ಬರೀ ಕೈಬರಹದ ಚೀಟಿ ಸಾಲದು, ರಿಸೀಟ್ ವೋಚರ್ ಕೊಡಬೇಕು. ಅದರಲ್ಲಿ ಕ್ರಮಸಂಖ್ಯೆ, ದಿನಾಂಕ, ಯಾವ ಸೇವೆಗೆ, ಎಷ್ಟು ಮುಂಗಡ, ತೆರಿಗೆ ದರ, ತೆರಿಗೆ ಮೊತ್ತ ಎಲ್ಲ ಇರಬೇಕು. ದರ ಯಾವುದೆಂದು ಆಗ ಗೊತ್ತಿಲ್ಲದಿದ್ದರೆ ಶೇ 18 ಎಂದೇ ಹಿಡಿಯಬೇಕು ಎಂದು ನಿಯಮ 50 ಹೇಳುತ್ತದೆ.

ಫೆಬ್ರವರಿಯ ಮಾರಾಟದ ವಿವರ ಕೊಡುವ GSTR-1 ರಿಟರ್ನ್ ತುಂಬುವಾಗ 11A ಎಂಬ ಪಟ್ಟಿಯಲ್ಲಿ 50,000 ಮುಂಗಡ, 9,000 ತೆರಿಗೆ ತೋರಿಸಬೇಕು. ತೆರಿಗೆ ಕಟ್ಟುವ ರಿಟರ್ನಾದ GSTR-3Bಯಲ್ಲಿ ಅದನ್ನು ಮಾರ್ಚ್ 20ರೊಳಗೆ ಕಟ್ಟಬೇಕು. ಮೇಯಲ್ಲಿ ಮದುವೆ ಮುಗಿದಾಗ ಪೂರ್ತಿ ಬಿಲ್ ಮಾಡಬೇಕು, 2,00,000 ಮತ್ತು 36,000. ಆ ತಿಂಗಳ GSTR-1ರಲ್ಲಿ ಬಿಲ್ಲನ್ನು ಪೂರ್ತಿ ತೋರಿಸಿ, 11B ಎಂಬ ಪಟ್ಟಿಯಲ್ಲಿ ಮೊದಲೇ ತೆರಿಗೆ ಕಟ್ಟಿದ 50,000 ಮತ್ತು 9,000ವನ್ನು ವಜಾ ಮಾಡಿಕೊಳ್ಳಬೇಕು. ಉಳಿದ 27,000 ಮಾತ್ರ ಕಟ್ಟುವುದು. 11A ತುಂಬಿ 11B ಮರೆತವರು 9,000ವನ್ನು ಎರಡು ಸಲ ಕಟ್ಟಿರುತ್ತಾರೆ. ಇದು ನಡೆಯುವುದು ಹೆಚ್ಚಾಗಿ ಲೆಕ್ಕ ಬರೆಯುವ ಹುಡುಗ ನಡುವೆ ಬದಲಾದ ವರ್ಷ. ಎರಡನ್ನೂ ಮರೆತು ಮೇ ತಿಂಗಳ ರಿಟರ್ನಿನಲ್ಲೇ ಪೂರ್ತಿ ಕಟ್ಟಿದವರಿಗೆ ವರ್ಷಕ್ಕೆ ಶೇ 18ರ ಬಡ್ಡಿ ಬೀಳುತ್ತದೆ. ಮಾರ್ಚ್ 20ರಿಂದ ಜೂನ್ 20ಕ್ಕೆ 92 ದಿನ, 9,000ಕ್ಕೆ ಸುಮಾರು 408 ರೂಪಾಯಿ. ಒಂದು ಮದುವೆಗೆ ಇದು ದೊಡ್ಡದಲ್ಲ. ವರ್ಷಕ್ಕೆ ಎಪ್ಪತ್ತು ಮದುವೆ ನಡೆಯುವ ಮಂಟಪಕ್ಕೆ ಕೂಡಿಸಿ ನೋಡಿ.

ಪುಸ್ತಕದಲ್ಲಿ ಮಾತ್ರ ಮಂಟಪದ ಮುಂಗಡವೂ ಹೊಣೆಯೇ. ತೆರಿಗೆ ಕಟ್ಟಿಯಾಯಿತು ಎಂದ ಮಾತ್ರಕ್ಕೆ ಅದು ಆದಾಯ ಆಗುವುದಿಲ್ಲ. ಬ್ಯಾಂಕಿಗೆ 59,000 ಡೆಬಿಟ್, ಗಿರಾಕಿಗಳ ಮುಂಗಡಕ್ಕೆ 50,000 ಕ್ರೆಡಿಟ್, ತೆರಿಗೆ ಖಾತೆಗಳಿಗೆ 4,500ರಂತೆ ಎರಡು ಕ್ರೆಡಿಟ್. ಮಾರ್ಚ್ 31ಕ್ಕೆ ಆ 50,000 ಹೊಣೆಯ ಬದಿಯಲ್ಲೇ ಇರುತ್ತದೆ, ಬಾಡಿಗೆ ಆದಾಯ ಹುಟ್ಟುವುದು ಮೇಯಲ್ಲಿ, ಬೀಗರು ಬಸ್ ಹತ್ತಿದ ಮೇಲೆ. ಹಾಗಾಗಿ ಮಂಟಪದವರ ಜಿಎಸ್‌ಟಿ ಅಂಕಿ ಮತ್ತು ಪುಸ್ತಕದ ಅಂಕಿ ಹೊಂದದಿರುವುದೇ ಸರಿ. ಎರಡೂ ಅಚ್ಚುಕಟ್ಟಾಗಿ ಒಂದೇ ಆಗಿದ್ದರೆ ನಾನು ಮೊದಲು ಅನುಮಾನ ಪಡುತ್ತೇನೆ. ವ್ಯತ್ಯಾಸ ಎಷ್ಟು, ಅದು ಮುಂಗಡದ ಪಟ್ಟಿಗೆ ತಾಳೆ ಆಗುತ್ತದೆಯೇ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ನೋಟಿಸಿಗೆ ಉತ್ತರ ಅಲ್ಲೇ ಇರುತ್ತದೆ.

ಮಂಟಪದವರು ಮುಂಗಡದ ಜೊತೆಗೆ ಇನ್ನೊಂದು 25,000ವನ್ನು ಡೆಪಾಸಿಟ್ ಎಂದು ತೆಗೆದುಕೊಳ್ಳುವುದುಂಟು, ಪಾತ್ರೆ, ಕುರ್ಚಿ ಮುರಿದರೆ ಇರಲಿ ಎಂದು. ಇದು ಬೇರೆ. ವಾಪಸ್ ಕೊಡಲೆಂದೇ ತೆಗೆದುಕೊಂಡ ಡೆಪಾಸಿಟ್‌ಗೆ ತೆರಿಗೆ ಇಲ್ಲ. ಮದುವೆ ಮುಗಿದ ಮೇಲೆ ಅದನ್ನು ಬಾಡಿಗೆಗೆ ಹೊಂದಿಸಿಕೊಂಡರೆ ಆ ಕ್ಷಣಕ್ಕೆ ಅದು ಬೆಲೆಯಾಗುತ್ತದೆ. ಆದರೆ ರಸೀದಿಯಲ್ಲಿ ಡೆಪಾಸಿಟ್ ಎಂದು ಬರೆದು, ಪ್ರತಿಯೊಬ್ಬರದನ್ನೂ ಕೊನೆಗೆ ಬಾಡಿಗೆಗೇ ಹೊಂದಿಸುತ್ತಿದ್ದರೆ ಅದು ಹೆಸರು ಬದಲಿಸಿದ ಮುಂಗಡ ಎಂದು ಯಾರಿಗೂ ಗೊತ್ತಾಗುತ್ತದೆ.

ಮರ ಯಾರದು ಎಂಬ ಪ್ರಶ್ನೆ

ಮಂಚದ ಅಂಗಡಿಯವರು ತಾವು ಸರಕು ಮಾರುವವರು ಎಂದು ನೆಮ್ಮದಿಯಾಗಿರುವಾಗ ಮಲೆನಾಡಿನ ಒಂದು ರೂಢಿ ಅವರನ್ನು ಹಿಡಿಯುತ್ತದೆ. ಇಲ್ಲಿ ಎಷ್ಟೋ ಮನೆಯವರು ತಮ್ಮ ಹಿತ್ತಲಿನ ಹಲಸಿನ ಮರವನ್ನೋ ಸಾಗುವಾನಿಯನ್ನೋ ಕೊಯ್ಸಿ, ಹಲಗೆ ಒಣಗಿಸಿ, ಅದನ್ನೇ ತಂದು ಕೊಡುತ್ತಾರೆ. ಅಜ್ಜ ನೆಟ್ಟ ಮರದ ಮಂಚ ಮೊಮ್ಮಗಳಿಗೆ ಹೋಗಲಿ ಎಂಬ ಆಸೆ. ಅಂಗಡಿಯವರು ಮಾಡುವುದು ಕೆಲಸ ಮಾತ್ರ, ತೆಗೆದುಕೊಳ್ಳುವುದು ಮಜೂರಿ. ಇನ್ನೊಬ್ಬರ ವಸ್ತುವಿನ ಮೇಲೆ ಮಾಡುವ ಕೆಲಸ ಜಿಎಸ್‌ಟಿ ಕಾನೂನಿನ ಎರಡನೇ ಪರಿಶಿಷ್ಟದ ಪ್ರಕಾರ ಸೇವೆ. ಅಲ್ಲಿಗೆ ಅದೇ ಅಂಗಡಿ, ಅದೇ ಆಚಾರಿ, ಅದೇ ಮಂಚ, ಆದರೆ ಮುಂಗಡ ಬಂದ ತಿಂಗಳೇ ತೆರಿಗೆ.

ಗೋಡೆಗೆ ಕಚ್ಚಿಸಿ ಕೂರಿಸುವ ಬೀರು, ಅಡಿಗೆಮನೆಯ ಕಪಾಟುಗಳೂ ಹೀಗೇ ಜಾರುತ್ತವೆ. ಮನೆಗೇ ಸೇರಿಹೋಗುವಂತೆ ಕಟ್ಟಿಕೊಡುವ ಕೆಲಸ ಕಾಮಗಾರಿ ಗುತ್ತಿಗೆಯ ಲೆಕ್ಕಕ್ಕೆ ಬಂದರೆ ಅದೂ ಸೇವೆಯೇ. ಎತ್ತಿ ಇನ್ನೊಂದು ಮನೆಗೆ ಒಯ್ಯಬಹುದಾದ ಬೀರು ಸರಕು. ನಡುವಿನದಕ್ಕೆ ಕರಾರು ಓದಿ, ಕೆಲಸ ನೋಡಿ ಹೇಳಬೇಕು. ನಾನು ಯಜಮಾನರಿಗೆ ಹೇಳಿದ್ದು ಇಷ್ಟೇ: ಆರ್ಡರ್ ಪುಸ್ತಕದಲ್ಲಿ ಹೆಸರು, ಅಳತೆ, ಮುಂಗಡದ ಜೊತೆ ಇನ್ನೊಂದು ಕಾಲಂ ಎಳೆಯಿರಿ, 'ಮರ ಯಾರದು' ಎಂದು ಬರೆಯಿರಿ. ಈಗ ಅವರ ಪುಸ್ತಕದಲ್ಲಿ ಆ ಕಾಲಂ ಇದೆ, ಅವರ ಮಗ ಅದರಲ್ಲಿ 'ನಮ್ದು', 'ಅವ್ರ್ದು' ಎಂದು ತುಂಬುತ್ತಾನೆ.

ಮದುವೆ ನಿಂತರೆ

ಮದುವೆ ನಿಂತಿತು, ಮಂಟಪದವರು 59,000ವನ್ನೂ ವಾಪಸ್ ಕೊಟ್ಟರು ಎಂದುಕೊಳ್ಳಿ. ಆಗ ರಿಫಂಡ್ ವೋಚರ್ ಮಾಡಬೇಕು. ಫೆಬ್ರವರಿಯಲ್ಲಿ ಕಟ್ಟಿದ 9,000ವನ್ನು ಹೆಚ್ಚಿಗೆ ಕಟ್ಟಿದ ತೆರಿಗೆ ಎಂದು ವಾಪಸ್ ಕೇಳಬಹುದು ಎಂದು 2020ರ ಏಪ್ರಿಲ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ. ಕೊರೊನಾ ಬಂದು ಆ ಬೇಸಿಗೆಯ ಮದುವೆಗಳೆಲ್ಲ ಒಂದೇ ಏಟಿಗೆ ನಿಂತಾಗ ಬಂದ ಸುತ್ತೋಲೆ ಅದು.

ಪೂರ್ತಿ ಕೊಡದೆ ಒಂದು ಪಾಲು ಇಟ್ಟುಕೊಳ್ಳುವುದೇ ಹೆಚ್ಚು. 35,400 ವಾಪಸ್ ಕೊಟ್ಟು 23,600 ಉಳಿಸಿಕೊಂಡರು ಎನ್ನಿ. ವಾಪಸ್ ಕೊಟ್ಟದ್ದರಲ್ಲಿ 30,000 ಬಾಡಿಗೆ, 5,400 ತೆರಿಗೆ. ಉಳಿಸಿಕೊಂಡದ್ದು ದಂಡ, ಸೇವೆಯೇ ಕೊಟ್ಟಿಲ್ಲ, ಅದಕ್ಕೆ ತೆರಿಗೆ ಯಾಕೆ ಎಂದು ವಾದಿಸುವವರಿದ್ದಾರೆ. 2022ರ ಆಗಸ್ಟ್‌ನ ಸುತ್ತೋಲೆಯೊಂದು ಪ್ರಯಾಣ, ಹೋಟೆಲ್ ವಸತಿಯಂಥ ಸೇವೆಗಳನ್ನು ರದ್ದು ಮಾಡಿದಾಗ ಉಳಿಸಿಕೊಂಡ ಮೊತ್ತಕ್ಕೆ ಮೂಲ ಸೇವೆಯ ದರವೇ ಅನ್ವಯಿಸುತ್ತದೆ ಎಂದಿದೆ. ಮಂಟಪವನ್ನೂ ಅದೇ ಅಳತೆಯಲ್ಲಿ ನೋಡಿ, 20,000ದ ಮೇಲಿನ 3,600 ತೆರಿಗೆಯನ್ನು ಮುಟ್ಟದೆ ಬಿಡಿ ಎಂದು ನಾನು ಹೇಳುತ್ತೇನೆ. ಪುಸ್ತಕದಲ್ಲಿ ಆ 20,000 ಹೊಣೆಯಿಂದ ಇಳಿದು ಆದಾಯಕ್ಕೆ ಬರುವುದು ರದ್ದಾದ ದಿನ.

ಆದಾಯ ತೆರಿಗೆ, ಮತ್ತೆ ನಗದಿನ ಒಂದು ಗುಂಡಿ

ಯಜಮಾನರು ಹೊರಡುವ ಮೊದಲು ಕೇಳಿದರು: "ಹಂಗಾದ್ರೆ ಮುಂಗಡ ತೆರಿಗೆ ಅಂತ ಮಾರ್ಚ್ 15ಕ್ಕೆ ಕಟ್ಟಿಸಿದ್ರಲ್ಲ, ಅದು ಈ ಮುಂಗಡದ್ದೇ ಅಲ್ವಾ?" ಅಲ್ಲ. ಅದು ವರ್ಷದ ಲಾಭಕ್ಕೆ ಬರುವ ಆದಾಯ ತೆರಿಗೆಯನ್ನು ಕಂತಿನಲ್ಲಿ ಮೊದಲೇ ಕಟ್ಟುವುದು. ಇಲಾಖೆಯ ಕನ್ನಡ ಎರಡಕ್ಕೂ ಒಂದೇ ಪದ ಹಚ್ಚಿ ಈ ಗೊಂದಲ ತಂದಿದೆ, ಯಜಮಾನರ ತಪ್ಪೇನಿಲ್ಲ.

ಮಂಚದ ಮುಂಗಡಕ್ಕೆ ಆದಾಯ ತೆರಿಗೆ ಮೇಯಲ್ಲೇ, ಅಂದರೆ 2025-26ರ ಲಾಭದ ಭಾಗವಾಗಿ. ತೆರಿಗೆಯ ಲೆಕ್ಕಕ್ಕೆಂದು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾನಕಗಳಲ್ಲಿ ನಾಲ್ಕನೆಯದೂ ಸರಕಿನ ಮಟ್ಟಿಗೆ ಒಡೆತನ ಮತ್ತು ಅಪಾಯ ದಾಟುವುದನ್ನೇ ಕೇಳುತ್ತದೆ. 90 ದಿನ ಮೀರದ ಸೇವೆಗೆ ಕೆಲಸ ಮುಗಿದಾಗ ಆದಾಯ ಎನ್ನಬಹುದು, ಎರಡು ದಿನದ ಮಂಟಪ ಅದರೊಳಗೆ ಬರುತ್ತದೆ. ಆದರೆ ಇದೆಲ್ಲ ಬರಬೇಕಾದ್ದು, ಕೊಡಬೇಕಾದ್ದು ಎಲ್ಲ ಹಿಡಿದು ಲೆಕ್ಕ ಬರೆಯುವವರಿಗೆ. ದುಡ್ಡು ಬಂದಾಗ ಆದಾಯ, ಹೋದಾಗ ಖರ್ಚು ಎಂಬ ನಗದು ಪದ್ಧತಿಯಲ್ಲಿ ಲೆಕ್ಕ ಇಟ್ಟವರಿಗೆ ಬಂದ ವರ್ಷವೇ ಆದಾಯ. ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ಎಂದು ಅನುಕೂಲಕ್ಕೆ ಹಾರುವಂತಿಲ್ಲ.

ಇನ್ನೊಂದು ಗುಂಡಿ ಮಂಟಪದವರ ದಾರಿಯಲ್ಲಿದೆ, ಇದನ್ನು ತಿಳಿದವರು ಕಡಿಮೆ. 2017ರ ಏಪ್ರಿಲ್‌ನಿಂದ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕೂ ಮೇಲೆ ನಗದಾಗಿ ಪಡೆಯುವಂತಿಲ್ಲ. ಈ ಮಿತಿ ಒಂದು ದಿನಕ್ಕೆ ಎಂದು ಮಾತ್ರ ಎಲ್ಲರಿಗೂ ಗೊತ್ತು. ಒಂದೇ ವ್ಯವಹಾರಕ್ಕೆ, ಒಂದೇ ಸಮಾರಂಭಕ್ಕೆ ಸಂಬಂಧಿಸಿದ್ದನ್ನೂ ಕೂಡಿಸಿ ನೋಡಬೇಕು ಎಂಬುದು ಗೊತ್ತಿಲ್ಲ. ಫೆಬ್ರವರಿಯಲ್ಲಿ 59,000 ನಗದು, ಮೇಯಲ್ಲಿ ಉಳಿದ 1,77,000 ನಗದು. ಪ್ರತಿಯೊಂದೂ ಎರಡು ಲಕ್ಷದ ಕೆಳಗೆ, ಆದರೆ ಮದುವೆ ಒಂದೇ, ಮೊತ್ತ 2,36,000. ದಂಡ ಪಡೆದಷ್ಟೇ ಮೊತ್ತ, ಅದೂ ಪಡೆದವರಿಗೆ, ಕೊಟ್ಟವರಿಗಲ್ಲ. ಅಡಿಕೆ ದುಡ್ಡು ಚೀಲದಲ್ಲಿ ತಂದವರಿಗೆ ನಮ್ಮ ಮಂಟಪದವರು ಈಗ ಬ್ಯಾಂಕಿನಲ್ಲಿ ಹಾಕಿ ಬನ್ನಿ ಎಂದು ವಾಪಸ್ ಕಳಿಸುತ್ತಾರೆ.

ಬಾರದೆ ಹೋದವರ ಮುಂಗಡ

ಮಂಚದ ಅಂಗಡಿಯ ಹೊಣೆಯ ಪಟ್ಟಿ ತೆಗೆದು ಹೆಸರು ಹೆಸರಾಗಿ ಓದಿಸಿದೆ. ಹೊಸ ಮುಂಗಡಗಳ ಕೆಳಗೆ ಹಳೆಯವು ಕೆಲವು ಸಿಕ್ಕಿದವು: 2018ರದು 3,500, ತೊಟ್ಟಿಲಿಗೆ, 2019ರದು 5,000, ದೇವರ ಮಂಟಪಕ್ಕೆ. ಒಬ್ಬರು ಊರು ಬಿಟ್ಟಿದ್ದರು, ಇನ್ನೊಬ್ಬರ ಫೋನು ಬೇರೆಯವರ ಕೈಯಲ್ಲಿತ್ತು. ಹೀಗೆ ವರ್ಷಗಟ್ಟಲೆ ಹೊಣೆಯಲ್ಲೇ ಇಟ್ಟುಕೊಂಡು ಕೂರಬಹುದೇ? ಕೊಡುವ ಮನಸ್ಸು, ಕೇಳುವವರು ಇರುವವರೆಗೆ ಇಡಬಹುದು. ಇನ್ನು ಕೊಡುವುದಿಲ್ಲ ಎಂದು ಯಜಮಾನರೇ ತೀರ್ಮಾನಿಸಿ ತಮ್ಮ ಲಾಭದ ಖಾತೆಗೆ ಎಳೆದುಕೊಂಡ ದಿನ ಅದು ಆದಾಯ, ಅದಕ್ಕೆ ತೆರಿಗೆ ಉಂಟು. ವ್ಯಾಪಾರದಲ್ಲಿ ಗಿರಾಕಿಗಳಿಂದ ಬಂದು ಯಾರೂ ಕೇಳದೆ ಉಳಿದ ಠೇವಣಿಯನ್ನು ಕಂಪನಿಯೊಂದು ತನ್ನ ಲಾಭಕ್ಕೆ ಸೇರಿಸಿಕೊಂಡಾಗ ಅದು ಆದಾಯವೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ.

ಯಜಮಾನರು 3,500ವನ್ನು ಆದಾಯಕ್ಕೆ ತೆಗೆದುಕೊಳ್ಳಲು ಒಪ್ಪಿದರು. ದೇವರ ಮಂಟಪದ 5,000ಕ್ಕೆ ಒಪ್ಪಲಿಲ್ಲ. "ಅವ್ರ ಮನೆ ಹೊಸನಗರದ ದಾರೀಲಿ ಎಲ್ಲೋ ಇದೆ, ಒಂದ್ಸಲ ಹೋಗಿ ನೋಡ್ಕಂಡು ಬರ್ತೀನಿ" ಅಂದರು. ಆ ಸಾಲನ್ನು ಹೊಣೆಯ ಬದಿಯಲ್ಲೇ ಬಿಟ್ಟು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ ಪುಸ್ತಕ ಮುಚ್ಚಿದೆ.